ಮಗಳಿಗೊಂದು ಪತ್ರ: ಇಪ್ಪತ್ತು ಜನರ ಲೆಕ್ಕ

ದಾವಣಗೆರೆ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ಆಮೇಲೆ ಮಾತಾಡೋಣ" ಅಂತ ಇಟ್ಟುಬಿಟ್ಟೆ. ಅಂಗಡಿಯಲ್ಲಿ ಜನ ಇದ್ದರು ಅನ್ನೋದು ನೆಪ. ಧಾರವಾಡದಲ್ಲಿ ನಿನ್ನ ರೂಮಿನ ಹುಡುಗಿಯ ಅಪ್ಪ ಯಾರಿಗೋ ಎರಡು ಲಕ್ಷ ಕೊಟ್ಟು ಸರ್ಕಾರಿ ಕೆಲಸ ಗೊತ್ತು ಮಾಡಿದ್ದಾರೆ, "ನಾವು ಸುಮ್ನೆ ಓದ್ತಾ ಕೂತರೆ ಆಗುತ್ತಾ ಅಪ್ಪಾಜಿ?" ಅಂದೆಯಲ್ಲ, ಅದೇ ಕೆಲಸ ಮಾಡಲಿಕ್ಕೆ ನಾನೂ ಹೊರಟಿದ್ದೆ. ಆವರಗೆರೆ ಕಡೆಯ ನಮ್ಮ ಸೈಟಿಗೆ ಎಷ್ಟು ಬರಬಹುದು ಅಂತ ಒಬ್ಬರನ್ನು ವಿಚಾರಿಸಿಯೂ ಆಗಿತ್ತು. ನಿನ್ನ ಅಮ್ಮನಿಗೆ ಇದು ಗೊತ್ತಿಲ್ಲ. ಈಗ ಗೊತ್ತಾದರೂ ಚಿಂತೆಯಿಲ್ಲ.

ನಿನ್ನ ಹೋದ ಪರೀಕ್ಷೆಯ ಪಟ್ಟಿ ಬಂದ ಮೂರು ವಾರಕ್ಕೆ ಒಬ್ಬ ಅಂಗಡಿಗೆ ಬಂದ. ಝೆರಾಕ್ಸ್ ಮಾಡಿಸೋಕೆ ಬಂದವನಂತೆ ನಿಂತು, ಜನ ಕರಗಿದ ಮೇಲೆ ಮೆತ್ತಗೆ, "ಯಜಮಾನ್ರೇ, ನಿಮ್ಮ ಮಗಳು ಎರಡು ಅಂಕದಲ್ಲಿ ತಪ್ಪಿದ್ದಾಳಲ್ಲ, ಪಾಪ" ಅಂದ. ನನ್ನ ಎದೆ ಧಸಕ್ ಅಂತು. ಇವನಿಗೆ ಒಳಗಿನವರ ಸಂಪರ್ಕ ಇಲ್ಲದೆ ಇದು ಹೇಗೆ ಗೊತ್ತಾಯ್ತು ಅಂದುಕೊಂಡೆ. ಹನ್ನೊಂದು ವರ್ಷದಿಂದ ಜನರ ಅರ್ಜಿ ತುಂಬುತ್ತಾ ಬಂದವನು ನಾನು, ಆ ಪಟ್ಟಿಯನ್ನ ನಾನೇ ಹತ್ತಾರು ಜನಕ್ಕೆ ಪ್ರಿಂಟ್ ತೆಗೆದು ಕೊಟ್ಟಿದ್ದೇನೆ. ಹೆಸರು, ನೋಂದಣಿ ಸಂಖ್ಯೆ, ಅಂಕ ಎಲ್ಲಾ ಅದರಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು. ಆದರೆ ತನ್ನ ಮಗಳ ವಿಷಯ ಬಂದಾಗ ತಂದೆಗೆ ಬುದ್ಧಿ ತಡವಾಗಿ ಬರುತ್ತೆ.

ಅವನ ಕರಾರು ಹೀಗಿತ್ತು. ಒಟ್ಟು ಎಂಟು ಲಕ್ಷ. ಎರಡು ಈಗ, ನಗದಿನಲ್ಲಿ. ಉಳಿದ ಆರು ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೆ. ಅದಕ್ಕೆ ಭದ್ರತೆಯಾಗಿ ನಿನ್ನ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಪಟ್ಟಿಗಳು, ಅವೂ ಒರಿಜಿನಲ್ಲು, ಮತ್ತೆ ಸಹಿ ಹಾಕಿದ ಎರಡು ಖಾಲಿ ಚೆಕ್ಕು. "ಆಗಲಿಲ್ಲ ಅಂದ್ರೆ ಪೂರ್ತಿ ವಾಪಸ್, ನಿಮ್ಮ ಮುಂದೇನೇ ಎಣಿಸಿ ಕೊಡ್ತೀನಿ" ಅಂದ. ನನ್ನನ್ನ ಬೀಳಿಸಿದ್ದು ಇದೇ ಮಾತು. ಮೋಸಗಾರ ಆಗಿದ್ದರೆ ವಾಪಸ್ ಕೊಡ್ತೀನಿ ಅಂತಾನಾ ಅನ್ನಿಸಿತು. ಕೊಟ್ಟಿದ್ದಾನೆ ಅಂತ ಹೇಳೋರು ಊರಲ್ಲಿ ಇಬ್ಬರು ಸಿಕ್ಕರು ಕೂಡ.

ಆ ವಾರ ರಾತ್ರಿ ನಿದ್ದೆ ಬರದೆ ಅರ್ಜಿಯ ರಫ್ ಕಾಗದದ ಹಿಂದೆ ಲೆಕ್ಕ ಹಾಕಿದೆ. ಅವನು ಇಪ್ಪತ್ತು ಜನರ ಹತ್ತಿರ ತಗೊಂಡ ಅಂತ ಇಟ್ಟುಕೋ. ತಲಾ ಎರಡು, ಒಟ್ಟು 40 ಲಕ್ಷ. ಆಮೇಲೆ ಅವನು ಏನೂ ಮಾಡೋದಿಲ್ಲ. ಬೆಂಗಳೂರಿಗೆ ಫೋನ್ ಸಹ ಮಾಡೋದಿಲ್ಲ. ಆದರೆ ಅವನು ಆರಿಸಿಕೊಂಡಿರೋದು ಯಾರನ್ನ? ಹೋದ ಸಲ ಒಂದು, ಎರಡು, ಐದು ಅಂಕಕ್ಕೆ ತಪ್ಪಿದವರನ್ನ. ಆ ಇಪ್ಪತ್ತರಲ್ಲಿ ಇಬ್ಬರಾದರೂ ಈ ಸಲ ತಮ್ಮ ಓದಿನಿಂದಲೇ ಪಾಸಾಗ್ತಾರೆ. ಅವರಿಬ್ಬರಿಂದ ಎಂಟರಂತೆ 16 ಲಕ್ಷ ಅವನದಾಯಿತು. ಅಂಕಪಟ್ಟಿ ಅವನ ಕೈಲಿದೆ, ದಾಖಲೆ ಪರಿಶೀಲನೆಗೆ ಒರಿಜಿನಲ್ ಬೇಕು, ಹಾಗಾಗಿ ಬಾಕಿ ಆರು ಲಕ್ಷ ತಾನಾಗೇ ಬಂದುಬಿಡುತ್ತೆ. ಓದಿ ಪಾಸಾದ ಹುಡುಗಿ ತನ್ನದೇ ಅಂಕಪಟ್ಟಿಯನ್ನ ದುಡ್ಡು ಕೊಟ್ಟು ಬಿಡಿಸಿಕೊಳ್ತಾಳೆ, ತನ್ನ ಓದಿಗೆ ಬಂದದ್ದನ್ನ ಅವನು ಕೊಡಿಸಿದ್ದು ಅಂತ ಜೀವಮಾನ ನಂಬುತ್ತಾಳೆ.

ಉಳಿದ ಹದಿನೆಂಟು ಜನರ 36 ಲಕ್ಷ ಒಂದು ವರ್ಷ ಅವನ ಕೈಲಿರುತ್ತೆ. ನಮ್ಮೂರಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಬಿಟ್ಟರೂ ತಿಂಗಳಿಗೆ 72 ಸಾವಿರ. ಜಗಳ ಮಾಡೋ ನಾಲ್ಕು ಜನಕ್ಕೆ ಪೂರ್ತಿ ವಾಪಸ್ ಕೊಡ್ತಾನೆ. ಕೆಲವರಿಗೆ ಅರ್ಧ. ಬಾಯಿಲ್ಲದವರಿಗೆ "ಮುಂದಿನ ನೋಟಿಫಿಕೇಶನ್‌ಗೆ ಅಡ್ಜಸ್ಟ್ ಮಾಡ್ತೀನಿ". ಆ ಪೂರ್ತಿ ವಾಪಸ್ ತಗೊಂಡವರೇ ಊರ ತುಂಬಾ, "ಕೆಲ್ಸ ಆಗ್ಲಿಲ್ಲ, ಆದ್ರೆ ಮನುಷ್ಯ ಪ್ರಾಮಾಣಿಕ" ಅಂತ ಹೇಳ್ಕೊಂಡು ತಿರುಗೋರು. ನನಗೆ ಸಿಕ್ಕಿದ ಇಬ್ಬರೂ ಅವರೇ.

ಇಷ್ಟು ಲೆಕ್ಕ ಹಾಕಿದರೂ ಪೂರ್ತಿ ಬಿಟ್ಟಿರಲಿಲ್ಲ ನಾನು, ಸುಳ್ಳು ಯಾಕೆ ಹೇಳಲಿ. ಬಿಡಿಸಿದ್ದು ಜಗಳೂರು ಕಡೆಯ ಒಬ್ಬ ಹುಡುಗ. ನೇಮಕಾತಿ ಆದೇಶ ಲ್ಯಾಮಿನೇಟ್ ಮಾಡಿಕೊಡಿ ಅಂತ ಬಂದ. ಮುಖ ಅರಳಿತ್ತು. ಕಾಗದ ಕೈಗೆ ತಗೊಂಡು ನೋಡಿದೆ. ಅಧಿಸೂಚನೆಯ ಸಂಖ್ಯೆ ಇಲ್ಲ, ದಿನಾಂಕ ಇಲ್ಲ. ಗಂಡಭೇರುಂಡದ ಲಾಂಛನ ಮಸುಕಾಗಿ, ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ, ಪರೀಕ್ಷೆ ನಡೆಸುವ ಸಂಸ್ಥೆಯೇ ಆದೇಶ ಕೊಟ್ಟಂತಿತ್ತು. ಕೆಪಿಎಸ್‌ಸಿ ಆಗಲಿ ಕೆಇಎ ಆಗಲಿ ಆಯ್ಕೆಪಟ್ಟಿ ಮಾಡಿ ಇಲಾಖೆಗೆ ಕಳಿಸುತ್ತೆ. ಇಲಾಖೆಯ ನೇಮಕಾತಿ ಪ್ರಾಧಿಕಾರ ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ವರದಿ, ವೈದ್ಯಕೀಯ ತಪಾಸಣೆ ಎಲ್ಲಾ ನೋಡಿ ಆಮೇಲೆ ಆದೇಶ ಕೊಡೋದು.

"ಎಲ್ಲಿ ಸಿಕ್ತಪ್ಪಾ ಇದು?" ಅಂದೆ. ವೆಬ್‌ಸೈಟಿನಿಂದ ಇಳಿಸಿಕೊಂಡೆ ಅಂದ. ಕೊಂಡಿ ಕಳಿಸಿದ್ದು ಅದೇ ಝೆರಾಕ್ಸ್ ಮನುಷ್ಯ. ಹುಡುಗ ಹೋದ ವರ್ಷ ಎರಡು ಲಕ್ಷ ಕೊಟ್ಟಿದ್ದ. ಪಟ್ಟಿಯಲ್ಲಿ ಹೆಸರು ಬರಲಿಲ್ಲ, ವಾಪಸ್ ಕೇಳೋಕೆ ಶುರು ಮಾಡಿದ. ಆಗ ಅವನು "ಹೆಚ್ಚುವರಿ ಪಟ್ಟಿಯಲ್ಲಿ ಬಂದಿದೆ, ನೋಡ್ಕೋ" ಅಂತ ಕೊಂಡಿ ಕಳಿಸಿ, ಪರಿಶೀಲನಾ ಶುಲ್ಕ ಅಂತ ಮತ್ತೆ 18,500 ಕಟ್ಟಿಸಿಕೊಂಡಿದ್ದ. ವಾಪಸ್ ಕೇಳುವವನ ಬಾಯಿ ಮುಚ್ಚಿಸೋಕೆ ಇರುವ ವೆಬ್‌ಸೈಟು ಅದು. ಬಾಯಿ ಮುಚ್ಚಿಸೋ ಖರ್ಚನ್ನೂ ಆ ಹುಡುಗನೇ ಕೊಡಬೇಕು.

ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೆ. ನೋಡಿದರೆ ಅಸಲಿಯೇ. ಮುಖ್ಯಮಂತ್ರಿ ಫೋಟೋ, ಕನ್ನಡ-ಇಂಗ್ಲಿಷ್ ಬಟನ್ನು, ಬೀಗದ ಗುರುತು, ಎಲ್ಲಾ ಇದೆ. ಪಕ್ಕದ ಬಟನ್‌ಗಳನ್ನ ಒತ್ತಿದರೆ ನಿಜವಾದ ಸರ್ಕಾರಿ ಪುಟಗಳಿಗೇ ಹೋಗುತ್ತೆ, ಯಾಕಂದರೆ ಅಲ್ಲಿಂದಲೇ ನಕಲು ಮಾಡಿದ್ದು. ಬೀಗದ ಗುರುತನ್ನ ನಂಬಬೇಡ. ನಿನಗೂ ಆ ಸೈಟಿಗೂ ನಡುವೆ ಯಾರೂ ಕದ್ದು ಕೇಳ್ತಿಲ್ಲ ಅಂತ ಮಾತ್ರ ಅದು ಹೇಳುತ್ತೆ, ಸೈಟು ಯಾರದು ಅಂತ ಹೇಳೋದಿಲ್ಲ, ಬಿಟ್ಟಿಯಾಗಿ ಸಿಗುತ್ತೆ. ನೋಡಬೇಕಾದ್ದು ವಿಳಾಸ. ಶುರುವಿನ `https://` ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯವರೆಗಿನ ಭಾಗವನ್ನ ತಗೊಂಡು ಬಲದಿಂದ ಎಡಕ್ಕೆ ಓದು. `cetonline.karnataka.gov.in` ಅಂದರೆ ಕೊನೆಯಲ್ಲಿ `gov.in` ಇದೆ. ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುವ ಹೆಸರು, ಅದರ ಎಡಕ್ಕೆ ಚುಕ್ಕಿ ಇದೆ. ಆ ಹುಡುಗನ ಸೈಟಿನಲ್ಲಿ ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಇತ್ತು, `ilakhe-gov.in` ಅನ್ನೋ ಥರ. ಅಡ್ಡಗೆರೆ ಹಾಕಿದ ಕೂಡಲೇ ಅದು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದಾದ ಸಾಮಾನ್ಯ `.in` ಹೆಸರು. ವೆಬ್‌ಸೈಟಿನ ಹೆಸರು ಯಾವಾಗ ನೋಂದಣಿಯಾಯಿತು ಅಂತ ತೋರಿಸೋ ಹೂಈಸ್ ಹುಡುಕಾಟದಲ್ಲಿ ಹಾಕಿದೆ, ಹೆಸರು ನೋಂದಾಯಿಸಿ ಹತ್ತೊಂಬತ್ತು ದಿನ ಆಗಿತ್ತು ಅಷ್ಟೇ.

ಹಾಗಂತ `gov.in` ಇಲ್ಲದ್ದೆಲ್ಲಾ ಸುಳ್ಳು ಅಂತಲೂ ಅಲ್ಲ. ಪೊಲೀಸ್ ನೇಮಕಾತಿಯ ಅರ್ಜಿಗಳನ್ನ ನಾನೇ `ksp-online.in` ನಲ್ಲಿ ಹಾಕಿದ್ದೇನೆ, ಬ್ಯಾಂಕಿನವು `ibps.in` ನಲ್ಲಿ. ಅಂಥಲ್ಲಿ ಇಲಾಖೆಯ ಅಧಿಸೂಚನೆಯಲ್ಲಿ ಅಚ್ಚಾದ ವಿಳಾಸವನ್ನ ನೋಡಿಕೊಂಡು ಕೈಯಿಂದಲೇ ಟೈಪ್ ಮಾಡೋದು ನನ್ನ ಪದ್ಧತಿ. ವಾಟ್ಸಾಪಿನಲ್ಲಿ ಬಂದ ಕೊಂಡಿ ಒತ್ತೋದಿಲ್ಲ.

ಹುಡುಗ ಇನ್ನೂ ನಂಬಲಿಲ್ಲ. "ನನ್ನ ನಂಬರ್ ಹಾಕಿದ್ರೆ ನನ್ನ ರಿಸಲ್ಟ್ ಬರುತ್ತೆ ಅಂಕಲ್" ಅಂದ. ಸರಿ ಅಂತ ನಾನು ಗೋಡೆ ಮೇಲೆ ಅಂಟಿಸಿದ್ದ ಅಂಗಡಿಯ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರನ್ನ ನೋಂದಣಿ ಸಂಖ್ಯೆಯ ಜಾಗದಲ್ಲಿ ಟೈಪ್ ಮಾಡಿದೆ. "ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ" ಅಂತ ಬಂತು. ನಮ್ಮ ಬೆಸ್ಕಾಂ ಮೀಟರಿಗೆ ಸರ್ಕಾರಿ ಕೆಲಸ ಸಿಕ್ಕಿತ್ತು. ನಗು ಬರಬೇಕಿತ್ತು, ಆ ಹುಡುಗನ ಮುಖ ನೋಡಿ ಬರಲಿಲ್ಲ.

18,500 ರೂಪಾಯಿಯನ್ನ ಹಿಂದಿನ ದಿನ ಸಂಜೆ ಕ್ಯೂಆರ್ ಸ್ಕ್ಯಾನ್ ಮಾಡಿ ಕಟ್ಟಿದ್ದ. ದುಡ್ಡು ಒತ್ತುವ ಮುಂಚೆ ಫೋನಿನಲ್ಲಿ ಯಾರ ಹೆಸರು ಬಂತು ಅಂತ ಕೇಳಿದೆ. ಯಾವುದೋ ಒಬ್ಬ ಮನುಷ್ಯನ ಹೆಸರಂತೆ, ಇಲಾಖೆಯದ್ದಲ್ಲ. ಅಲ್ಲೇ ಕೂರಿಸಿ 1930ಕ್ಕೆ ಫೋನ್ ಮಾಡಿಸಿ, `cybercrime.gov.in` ನಲ್ಲಿ ದೂರು ಹಾಕಿದೆ. ಅಲ್ಲಿಂದ ಬ್ಯಾಂಕಿಗೆ ತಿಳಿಸ್ತಾರೆ. ದುಡ್ಡು ಇನ್ನೂ ಖಾತೆಯಲ್ಲೇ ಇದ್ದರೆ ತಡೆ ಹಿಡಿಯಬಹುದು, ಕೈ ದಾಟಿ ಹೊರಗೆ ತೆಗೆದುಬಿಟ್ಟರೆ ಕಷ್ಟ. ಅದಕ್ಕೇ ಗಂಟೆಗಳ ಲೆಕ್ಕ. ಅವನ ದುಡ್ಡು ಸಿಕ್ಕೀತೋ ಇಲ್ಲವೋ ಇನ್ನೂ ತಿಳಿದಿಲ್ಲ.

ಎರಡು ಲಕ್ಷದ ಬಗ್ಗೆ ಮಾತ್ರ ದೂರು ಕೊಡೋಕೆ ಅವನ ಅಪ್ಪ ಒಪ್ಪಲಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವನೂ ಅಪರಾಧಿಯೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಬೇಕು, ಇವರದು ಬಲವಂತವೂ ಅಲ್ಲ, ವರ್ಷವೂ ಕಳೆದಿತ್ತು. ಆ ಏಜೆಂಟ್ ನಗದು ಕೇಳೋದು ಗುರುತು ಉಳಿಯಬಾರದು ಅಂತ. ಕೊಟ್ಟವನೇ ಬಾಯಿ ಬಿಡೋಕೆ ಹೆದರುತ್ತಾನೆ ಅನ್ನೋದೇ ಅವನ ದೊಡ್ಡ ಬಂಡವಾಳ.

ನೀನು ಕೇಳಬಹುದು, ಪಿಎಸ್‌ಐ ಪರೀಕ್ಷೆಯಲ್ಲಿ ನಿಜವಾಗಿಯೇ ನಡೆದಿತ್ತಲ್ಲ ಅಂತ. ನಡೆದಿತ್ತು. 545 ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ. 21 ಪ್ರಶ್ನೆಗೆ ಮಾತ್ರ ಉತ್ತರಿಸಿದ್ದ ಅಭ್ಯರ್ಥಿಗೆ 121 ಅಂಕ ಬಂದಿತ್ತು ಅಂತ ಪತ್ರಿಕೆಗಳಲ್ಲಿ ಓದಿದೆವಲ್ಲ. ಖಾಲಿ ಬಿಟ್ಟ ಒಎಂಆರ್ ಹಾಳೆಯನ್ನ ಆಮೇಲೆ ತುಂಬಿಸಿದ್ದರು. ಸಿಐಡಿ ತನಿಖೆ ನಡೆಯಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ 2022ರ ಜುಲೈನಲ್ಲಿ ಬಂಧಿಸಿದರು. ಪರೀಕ್ಷೆಯೇ ರದ್ದಾಯಿತು. ದುಡ್ಡು ಕೊಡದೆ ಓದಿ ಪಾಸಾದವರೂ 2024ರ ಜನವರಿ 23ರಂದು ಮತ್ತೆ ಕೂತು ಬರೆಯಬೇಕಾಯಿತು. ಒಳಗೆ ನಿಜವಾಗಿ ಕೈ ಆಡಿಸಬಲ್ಲವನಿಗೂ ಕೊನೆ ಹೀಗಾಯಿತು. ಝೆರಾಕ್ಸ್ ಅಂಗಡಿಗೆ ಬಂದು ಎರಡು ಅಂಕದ ಕಥೆ ಹೇಳುವವನು ಅಷ್ಟು ಒಳಗಿನವನೂ ಅಲ್ಲ.

ಅವನು ಕಳೆದ ಗುರುವಾರ ಮತ್ತೆ ಬಂದ. ನಾನು ಒಂದೇ ಮಾತು ಹೇಳಿದೆ: "ಅಡ್ವಾನ್ಸ್ ಇಲ್ಲ, ಅಂಕಪಟ್ಟಿ ಇಲ್ಲ, ಚೆಕ್ ಇಲ್ಲ. ಕೆಲಸ ಆದ ಮೇಲೆ ಎಂಟಲ್ಲ, ಹತ್ತು ಕೊಡ್ತೀನಿ." ಕೊಡುವ ಉದ್ದೇಶ ಇರಲಿಲ್ಲ, ಏನಂತಾನೆ ನೋಡೋಣ ಅಂತ ಹೇಳಿದೆ. "ಹಂಗೆಲ್ಲಾ ಆಗಲ್ಲ ಯಜಮಾನ್ರೇ, ಮೇಲಿನವರು ಒಪ್ಪಲ್ಲ" ಅಂತ ಐದು ರೂಪಾಯಿ ಝೆರಾಕ್ಸಿನ ದುಡ್ಡನ್ನೂ ಕೊಡದೆ ಹೋದ.

ನಿನ್ನ ರೂಮಿನ ಹುಡುಗಿಗೆ ಇದನ್ನ ಓದೋಕೆ ಕೊಡು. ಅವಳ ಅಂಕಪಟ್ಟಿ ಅವನ ಹತ್ತಿರ ಇದ್ದರೆ, ಈಗಲೇ ಕೇಳಿ ತರಿಸಿಕೊಳ್ಳಲಿ. ಪಟ್ಟಿ ಬಂದ ಮೇಲೆ ಅದಕ್ಕೆ ಬೆಲೆ ಏರುತ್ತೆ. ನಿನ್ನವು ಕಬ್ಬಿಣದ ಟ್ರಂಕಿನಲ್ಲಿವೆ, ಬೀಗದ ಕೈ ಅಮ್ಮನ ಹತ್ತಿರ. ದಾಖಲೆ ಪರಿಶೀಲನೆಗೆ ಕರೆದ ದಿನ ನಾನೇ ತಗೊಂಡು ಬರ್ತೀನಿ.

ಇಂತಿ,
ನಿನ್ನ ಅಪ್ಪಾಜಿ