ಇಂಟರ್ನ್‌ಶಿಪ್ ಜರ್ನಲ್ ತಿದ್ದುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಬಿ.ಎಡ್. ವಿದ್ಯಾರ್ಥಿಗಳ ರಿಫ್ಲೆಕ್ಟಿವ್ ಜರ್ನಲ್‌ಗಳ ಕಟ್ಟು ನಿನ್ನ ಟೇಬಲ್ ಮೇಲೆ ಬಂದು ಕೂತಿದೆ, ಅದರಲ್ಲಿ ಸುಮಾರು ಎಐ ಬರೆದುಕೊಟ್ಟದ್ದು ಅಂತ ಅನುಮಾನ, ಹಿಡಿಯೋಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದ್ದೀಯ. ಯಾವುದೂ ಬೇಡ. ಓಪನ್‌ಎಐ ಕಂಪನಿಯೇ ತಾನು ಬಿಟ್ಟಿದ್ದ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ನಿಲ್ಲಿಸಿಬಿಟ್ಟಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಅವು ಯಂತ್ರದ ಬರಹ ಅಂದಿದ್ದವು. ಸರಳ ಪದ, ಊಹಿಸಬಹುದಾದ ವಾಕ್ಯ ಕಂಡರೆ ಅವುಗಳಿಗೆ ಅನುಮಾನ. ನಮ್ಮ ಮಕ್ಕಳ ಇಂಗ್ಲಿಷ್ ಹೇಗಿರುತ್ತೆ ನಿನಗೆ ಗೊತ್ತಲ್ವಾ?

ಆದರೆ ಜರ್ನಲ್‌ನಲ್ಲಿ ಓದುವವನ ಕಣ್ಣಿಗೇ ತುಂಬಾ ಕಾಣುತ್ತೆ. ‘ಬ್ರೂನರ್ ಸಿದ್ಧಾಂತ ವಿವರಿಸಿ’ ಅಂದರೆ ಸರಿಯಾದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಯಾರು ಬರೆದರು ಅಂತ ಹೇಳೋದು ಕಷ್ಟ. ಜರ್ನಲ್ ಹಾಗಲ್ಲ. ಅದು ಒಂದು ದಿನದ, ಒಂದು ಪೀರಿಯಡ್‌ನ, ಯಾವುದೋ ಒಂದು ಮಗುವಿನ ವಿಷಯ. ಎರಡನೇ ವರ್ಷದ 16 ವಾರ ನಮ್ಮ ಹುಡುಗರು ಶಾಲೆಯಲ್ಲೇ ಇರುತ್ತಾರೆ. ಯಂತ್ರ ಆ ತರಗತಿಯಲ್ಲಿ ಇರಲಿಲ್ಲ.

ನಮ್ಮಲ್ಲಿ ಇಬ್ಬರು ಒಂದೇ ಪಾಠ ಮಾಡಿದ್ದರು. ಆರನೇ ತರಗತಿ, ಭಿನ್ನರಾಶಿಗಳ ಸಂಕಲನ. ಪಾಠ ಯೋಜನೆಯೂ ಹೆಚ್ಚುಕಡಿಮೆ ಒಂದೇ, ಇಬ್ಬರೂ ರೊಟ್ಟಿಯ ಚಿತ್ರ ಬಳಸಿದ್ದರು. ಹುಡುಗನ ಜರ್ನಲ್ ಹೀಗಿತ್ತು: ‘ದೈನಂದಿನ ಜೀವನದ ಉದಾಹರಣೆಯನ್ನು ಬಳಸಿದ್ದರಿಂದ ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಆರಂಭದಲ್ಲಿ ಕೆಲವರಿಗೆ ಗೊಂದಲವಿತ್ತಾದರೂ ತಾಳ್ಮೆಯಿಂದ ವಿವರಿಸಿದಾಗ ಪರಿಕಲ್ಪನೆ ಸ್ಪಷ್ಟವಾಯಿತು. ಈ ಅನುಭವವು ನನಗೆ ಪ್ರತಿ ಮಗುವೂ ವಿಭಿನ್ನ ಎಂಬುದನ್ನು ಕಲಿಸಿತು.’

ಹುಡುಗಿ ಬರೆದದ್ದು ಬೇರೆ. ಅವಳು ಬೋರ್ಡ್ ಮೇಲೆ ಎರಡು ರೊಟ್ಟಿ ಬರೆದಿದ್ದಳು. ಒಂದನ್ನು ಎರಡು ತುಂಡು ಮಾಡಿ ಒಂದಕ್ಕೆ ಬಣ್ಣ, ಇನ್ನೊಂದನ್ನು ಮೂರು ತುಂಡು ಮಾಡಿ ಒಂದಕ್ಕೆ ಬಣ್ಣ. 1/2 + 1/3 ಎಷ್ಟು ಅಂತ ಕೇಳಿದರೆ ಮುಂದಿನ ಬೆಂಚಿನ ಹುಡುಗ 2/5 ಅಂದ. ತಪ್ಪು ಅಂದಳು. ಅವನು ಎದ್ದು ಬಂದು ಬೋರ್ಡ್ ತೋರಿಸಿದ: ‘ಮಿಸ್, ಒಟ್ಟು ಐದು ತುಂಡು ಇದಾವೆ, ಎರಡಕ್ಕೆ ಬಣ್ಣ ಹಚ್ಚಿದೀರಿ.’ ಅವಳ ಹತ್ತಿರ ಉತ್ತರ ಇರಲಿಲ್ಲ. ನಿಯಮ ಹೇಳಿಕೊಟ್ಟು ಪೀರಿಯಡ್ ಮುಗಿಸಿದಳು. ಆ ರಾತ್ರಿ ಬರೆದ ಸಾಲು ಇದು: ‘ಅವನು ನನ್ನ ಚಿತ್ರವನ್ನು ಸರಿಯಾಗಿಯೇ ಓದಿದ. ನಾನು ಬರೆದ ಚಿತ್ರವೇ 2/5 ಅಂತ ಹೇಳುತ್ತಿತ್ತು.’

ಆಮೇಲಿನ ಪುಟ ಇನ್ನೂ ಚೆನ್ನಾಗಿದೆ. ಎರಡು ಭಿನ್ನರಾಶಿಗೂ ‘ಪೂರ್ಣ’ ಅಂದರೆ ಒಂದೇ ರೊಟ್ಟಿ ಅಂತ ತಾನು ಎಲ್ಲೂ ಹೇಳಿರಲಿಲ್ಲ ಅನ್ನೋದು ಅವಳಿಗೆ ಹೊಳೆದಿದೆ. ಮರುದಿನ ಒಂದೇ ರೊಟ್ಟಿ ಬರೆದು ಆರು ತುಂಡು ಮಾಡಿದಳು. ಅರ್ಧ ಅಂದರೆ ಮೂರು, ಮೂರನೇ ಒಂದು ಭಾಗ ಅಂದರೆ ಎರಡು, ಸೇರಿ 5/6. ಅದಕ್ಕೂ ಮುಂಚೆ ಆ ಹುಡುಗನನ್ನೇ ಕೇಳಿದ್ದಾಳೆ, ‘ನಿನ್ನ ಹತ್ತಿರ ಅರ್ಧ ರೊಟ್ಟಿ ಇತ್ತು, ನಾನು ಇನ್ನೂ ಒಂದಿಷ್ಟು ಕೊಟ್ಟೆ, ಈಗ 2/5 ಅಂದರೆ ಅರ್ಧಕ್ಕಿಂತ ಕಡಿಮೆ ಆಯ್ತಲ್ಲ?’ ಅಂತ. ಇಡೀ ಜರ್ನಲ್‌ನಲ್ಲಿ ಕಾಗುಣಿತದ ತಪ್ಪು ಬೇಕಾದಷ್ಟಿವೆ, ಎರಡು ಕಡೆ ವಾಕ್ಯ ಅರ್ಧಕ್ಕೇ ನಿಂತಿದೆ. ಅದು ಪರವಾಗಿಲ್ಲ.

ವ್ಯತ್ಯಾಸ ನೋಡು. ಹುಡುಗನ ಪುಟದಲ್ಲಿ ಗೊಂದಲ ಇತ್ತು ಅಂತಿದೆ, ಏನು ಗೊಂದಲ ಅಂತ ಇಲ್ಲ. ಮಕ್ಕಳು ಭಾಗವಹಿಸಿದರು ಅಂತಿದೆ, ಅವರಾಡಿದ ಒಂದು ಮಾತೂ ಇಲ್ಲ. ಎಡವಟ್ಟು ಆದ ವಾಕ್ಯದಲ್ಲೇ ಅದು ಸರಿಹೋಗಿ, ಮುಂದಿನ ವಾಕ್ಯದಲ್ಲಿ ಪಾಠವೂ ಸಿಕ್ಕಿಬಿಡುತ್ತೆ. ನಿಜವಾದ ಇಂಟರ್ನ್‌ಶಿಪ್‌ನಲ್ಲಿ ಕೆಲವು ದಿನ ಏನೂ ಕಲಿಯೋದಿಲ್ಲ, ಎರಡು ಸಾಲು ಬರೆದು ಮಲಗಿರುತ್ತಾರೆ. ಅವನ ಜರ್ನಲ್‌ನಲ್ಲಿ ಎಲ್ಲಾ ದಿನವೂ ಒಂದೇ ಅಳತೆ. ಇನ್ನೊಂದು ದಿನದ ಪುಟದಲ್ಲಿ ‘ಮಧ್ಯಾಹ್ನದ ಊಟದ ನಂತರದ ಅವಧಿಯಲ್ಲಿ ಮಕ್ಕಳು ಮಂಕಾಗಿದ್ದರು’ ಅಂತಿತ್ತು. ತಾರೀಖು ನೋಡಿದರೆ ಶನಿವಾರ! ಶನಿವಾರ ನಮ್ಮ ಶಾಲೆಗಳು ಬೆಳಗ್ಗೆ ಮಾತ್ರ ಅಲ್ವಾ. ಜರ್ನಲ್‌ಗೆ ಈ ಅನುಕೂಲ ಇದೆ, ಅದರ ಪಕ್ಕದಲ್ಲಿ ವೇಳಾಪಟ್ಟಿ, ಪಾಠ ಯೋಜನೆ, ಮಾರ್ಗದರ್ಶಿ ಶಿಕ್ಷಕರ ಅವಲೋಕನ ಹಾಳೆ ಎಲ್ಲ ಇರುತ್ತವೆ. ಪಕ್ಕಪಕ್ಕ ಇಟ್ಟುಕೊಂಡು ಓದು.

ಹಾಗಂತ ಇಷ್ಟರಿಂದಲೇ ಯಾರ ಮೇಲೂ ಆರೋಪ ಹೊರಿಸಬೇಡ. ತಾರೀಖು ತಪ್ಪಾಗಿ ಬರೆದಿರಬಹುದು. ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಅನ್ನೋದು ಎಐ ಬರೋಕೆ ಮುಂಚಿನ ವಾಕ್ಯ, ಸೀನಿಯರ್‌ಗಳ ರೆಕಾರ್ಡ್‌ನಿಂದ ಬ್ಯಾಚಿನಿಂದ ಬ್ಯಾಚಿಗೆ ನಕಲಾಗುತ್ತಾ ಬಂದಿದೆ. ಬರಹ ಟೊಳ್ಳು ಅಂತ ಪುಟ ನೋಡಿ ಹೇಳಬಹುದು. ಬರೆದವರು ಯಾರು ಅಂತ ತಿಳಿಯೋಕೆ ಎದುರಿಗೆ ಕೂರಿಸಿ ಕೇಳಬೇಕು.

ಆ ಹುಡುಗನನ್ನು ಕರೆದೆ. ‘ನೀನೇ ಬರೆದದ್ದಾ’ ಅಂತ ಕೇಳಲಿಲ್ಲ, ಹಾಗೆ ಕೇಳಿದರೆ ಹೌದು ಅಂತಾನೆ, ಮಾತು ಅಲ್ಲಿಗೇ ಮುಗೀತು. ಆವತ್ತು ಬೋರ್ಡ್ ಮೇಲೆ ಮೊದಲು ಏನು ಬರೆದೆ, ಯಾವ ಮಗು ಏನು ಅಂತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಹೇಳಿದ: ಒಬ್ಬಳು ‘ಸರ್, ಛೇದ ಯಾಕೆ ಸಮ ಮಾಡ್ಬೇಕು’ ಅಂತ ಕೇಳಿದ್ದಳಂತೆ, ಇವನಿಗೆ ಗೊತ್ತಿರಲಿಲ್ಲ, ನಾಳೆ ಹೇಳ್ತೀನಿ ಅಂದವನು ಮತ್ತೆ ಆ ವಿಷಯ ಎತ್ತಲೇ ಇಲ್ಲ. ಅದನ್ನು ಬರೆದರೆ ಇಂಟರ್ನಲ್ ಮಾರ್ಕ್ಸ್ ಕಟ್ ಆಗುತ್ತೆ ಅಂತ ಹೆದರಿ, ಪಾಠದ ಹೆಸರು ಮತ್ತು ಎರಡು ಸಾಲು ಕೊಟ್ಟು ಮೊಬೈಲ್‌ನಲ್ಲಿ ಬರೆಸಿದ್ದ. ಬರೆಯಬೇಕಾದ ವಿಷಯ ಅವನ ಹತ್ತಿರವೇ ಇತ್ತು, ನೋಡು. ಅವನ ಹೆದರಿಕೆ ಸುಳ್ಳೂ ಅಲ್ಲ. ಅಂಕಪಟ್ಟಿಯಲ್ಲಿ ‘ಪಾಠ ಪರಿಣಾಮಕಾರಿಯಾಗಿತ್ತೇ’ ಅಂತ ಇದ್ದರೆ ಯಾವ ಹುಡುಗ ತಾನೇ ಸೋತದ್ದನ್ನು ಬರೀತಾನೆ? ನನಗೆ ಸಿಟ್ಟು ಬರೋದು ಆ ಅಂಕಪಟ್ಟಿ ಮೇಲೆ.

ಇನ್ನೊಂದು ವಿಷಯ. ನಡೆದದ್ದನ್ನೆಲ್ಲ ವಿವರವಾಗಿ ಕೊಟ್ಟು ಎಐ ಹತ್ತಿರ ಬರೆಸಿದರೆ ನೀನು ಹಿಡಿಯೋದು ಕಷ್ಟ. ಮಾತು, ಘಟನೆ ಎಲ್ಲ ನಿಜವೇ ಇರುತ್ತೆ, ಭಾಷೆ ಮಾತ್ರ ನುಣುಪು. ಅಂಥದ್ದರ ಹಿಂದೆ ಬೀಳಬೇಡ. ಆದರೆ ‘ಇದರಿಂದ ನಾನೇನು ತಿಳಿದೆ’ ಅನ್ನೋ ಭಾಗವನ್ನೂ ಅದೇ ಬರೆದಿದ್ದರೆ ಮುಂದಿನ ಪಾಠ ಯೋಜನೆಯಲ್ಲಿ ಗೊತ್ತಾಗುತ್ತೆ, ಅಲ್ಲಿ ಏನೂ ಬದಲಾಗಿರೋದಿಲ್ಲ. ಹುಡುಗಿಯ ಎರಡನೇ ಯೋಜನೆಯಲ್ಲಿ ಎರಡು ರೊಟ್ಟಿ ಹೋಗಿ ಒಂದು ಬಂದಿತ್ತಲ್ಲ, ಅಂಥದ್ದು ಹುಡುಕು, ಅದಕ್ಕೇ ಅಂಕ ಕೊಡು.

ಉಳಿದ ವಾರಗಳಿಗೆ ಹೀಗೆ ಮಾಡು. ಪಾಠ ಮುಗಿದ ತಕ್ಷಣ ಸ್ಟಾಫ್ ರೂಮಿನಲ್ಲೇ ಕೈಬರಹದಲ್ಲಿ ನಾಲ್ಕೈದು ಸಾಲು ಗೀಚಿಕೊಳ್ಳಲಿ: ಒಂದು ಮಗು ಆಡಿದ ಮಾತು ಹಾಗೇ, ಬೋರ್ಡ್ ಮೇಲೆ ಬರೆದದ್ದು, ತನಗೆ ಉತ್ತರ ಹೊಳೆಯದ ಒಂದು ಜಾಗ. ಆ ಚೀಟಿಯನ್ನು ಜರ್ನಲ್ ಪುಟಕ್ಕೇ ಅಂಟಿಸಲಿ. ದಿನಾ ಪುಟಗಟ್ಟಲೆ ಕೇಳಬೇಡ, ವಾರಕ್ಕೆ ಎರಡು ಸಾಕು. ಜಾಸ್ತಿ ಕೇಳಿದರೆ ಯಂತ್ರದ ಹತ್ತಿರವೇ ಹೋಗ್ತಾರೆ. ಈಗ ನಿನ್ನ ಮುಂದಿರುವ ಕಟ್ಟಿನಲ್ಲಿ ಟೊಳ್ಳು ಅನ್ನಿಸಿದವರನ್ನು ಒಬ್ಬೊಬ್ಬರನ್ನಾಗಿ ಕರೆದು ಹತ್ತು ನಿಮಿಷ ಕೂರಿಸು, ಹೇಳಿದ್ದನ್ನು ಅಲ್ಲೇ ಬರೆದುಕೊಡೋಕೆ ಹೇಳು. ಆ ಹುಡುಗ ಬರೆದುಕೊಟ್ಟದ್ದು ಮುಕ್ಕಾಲು ಪುಟ. ಛೇದದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಮತ್ತೆ ಅದೇ ತರಗತಿಗೆ ಹೋಗೋಕೆ ಒಂದು ಪೀರಿಯಡ್ ಕೊಡಿಸಿ ಅಂತ ಕೊನೆಗೆ ಕೇಳಿದ್ದ. ಶಾಲೆಯವರ ಹತ್ತಿರ ಮಾತಾಡಿ ಕೊಡಿಸಿದೆ.

ನಿನ್ನ
ಗೆಳೆಯ