ಮಗಳಿಗೊಂದು ಪತ್ರ: ಆ ಫೋನಿನಲ್ಲಿ ಇಲ್ಲದವರಿಗೂ ಬರಿ

ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ನಾನು ದನಿ ಏರಿಸಿದೆ, ನೀನು ಫೋನ್ ಇಟ್ಟುಬಿಟ್ಟೆ. ಊರು ಬಿಡುವ ಗಡಿಬಿಡಿಯಲ್ಲಿರುವ ಹುಡುಗಿಯ ಮೇಲೆ ಹಾಗೆ ರೇಗಬಾರದಿತ್ತು. ಬೇಜಾರು ಮಾಡ್ಕೋಬೇಡ. ಆದರೆ ನಾನು ಹೇಳಬೇಕಾಗಿದ್ದ ವಿಷಯ ಇನ್ನೂ ಹಾಗೇ ಉಳಿದಿದೆ. ನೀನು ನಾಳೆ ಕಲಬುರಗಿಯ ಬಸ್ ಹತ್ತುವ ಮೊದಲು ಅದು ನಿನ್ನನ್ನು ಮುಟ್ಟಬೇಕು.

ಸೈಟ್ ಗ್ರೂಪಿಗೆ ನೀನು ಹಾಕಿ ನನಗೆ ತೋರಿಸಿದ ಮೆಸೇಜ್ ಇಷ್ಟೇ ಇತ್ತು: "ಫೋನಲ್ಲಿ ಮಾತಾಡಿದಂತೆ ಶನಿವಾರ ಸೆಂಟ್ರಿಂಗ್ ಬಿಚ್ಚಿ." ನಿನ್ನ ಜಾಗಕ್ಕೆ ಬಂದ ಹುಡುಗ ಅದರ ಕೆಳಗೆ "ಪೂರ್ತಿನಾ?" ಅಂತ ಕೇಳಿದ್ದ. ನೀನು "ಮೇಸ್ತ್ರಿಗೆ ಎಲ್ಲ ಗೊತ್ತು, ಕೇಳಿ" ಅಂದೆ. ಬಂದ ಮೊದಲ ದಿನವೇ ತಪ್ಪು ಹುಡುಕುತ್ತಾನೆ ಅಂತ ನಿನಗೆ ಸಿಟ್ಟು. ನನಗೆ ಅವನ ಮೇಲೆ ಗೌರವ ಬಂತು ಕಣೇ. ಅವನು ಆ ಫೋನಿನಲ್ಲಿ ಇರಲಿಲ್ಲ. ಫೋನಿನಲ್ಲಿದ್ದ ಮೇಸ್ತ್ರಿ ತಾಯಿಗೆ ಹುಷಾರಿಲ್ಲ ಅಂತ ರಾಯಚೂರಿಗೆ ಹೋಗಿದ್ದಾನೆ. ಶನಿವಾರ ಸ್ಲ್ಯಾಬಿಗೆ ಆಸರೆ ಕೊಟ್ಟ ಜಾಕ್ ಬಿಚ್ಚಲು ಬರುವವನು ಅವನ ಭಾಮೈದ. ಅವನೂ ನಿಮ್ಮ ಮಾತು ಕೇಳಿಲ್ಲ. ನೀನು ಕಲಬುರಗಿಯಲ್ಲಿ ಇರುತ್ತೀಯ. ಅಂದರೆ ಆ ಒಂದು ಸಾಲು ಓದಿ ಕೆಲಸ ಮಾಡುವವರಲ್ಲಿ ಒಬ್ಬರಿಗೂ ನೀವು ಏನು ಮಾತಾಡಿದಿರಿ ಅಂತ ಗೊತ್ತಿಲ್ಲ.

ಏನು ಮಾತಾಡಿದ್ದೆ ಅಂತ ಕೇಳಿದಾಗ ನೀನು ಎಷ್ಟು ಚೆನ್ನಾಗಿ ಹೇಳಿದೆ! ಮೋಲ್ಡ್ ಹಾಕಿದ್ದು 2ನೇ ತಾರೀಖು. ಹಾಲ್ ಮತ್ತು ರೂಮಿನ ಸ್ಲ್ಯಾಬ್ ನಾಲ್ಕು ಮೀಟರ್ ಅಗಲ. ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ ಕಾಂಕ್ರೀಟ್ ಕೋಡ್ ಐಎಸ್ 456 ಪ್ರಕಾರ 7 ದಿನಕ್ಕೆ ಜಾಕ್ ತೆಗೆಯಬಹುದು. ಆದರೆ ಆ ಲೆಕ್ಕ ಓಪಿಸಿ ಸಿಮೆಂಟಿಗೆ. ನಿಮ್ಮದು ಪಿಪಿಸಿ, ಅದು ನಿಧಾನವಾಗಿ ಗಟ್ಟಿಯಾಗುತ್ತೆ. ಅದಕ್ಕೇ ಡಿಸೈನರ್ ಹತ್ತಿರ ಕೇಳಿ ನೀನು 10 ದಿನ ಮಾಡಿದೆ. ಐದು ಮೀಟರ್ ಬೀಮಿಗೆ ಪುಸ್ತಕ 14 ಅನ್ನುತ್ತೆ, ನೀವು 21 ಇಟ್ಟುಕೊಂಡಿರಿ. ಬಾಲ್ಕನಿಗೆ 28. ಇದನ್ನೆಲ್ಲ ಕೇಳುತ್ತಾ ನನಗೆ ಹೆಮ್ಮೆಯಾಯಿತು. ನಿನ್ನ ವಯಸ್ಸಿನಲ್ಲಿ ನಾನು ಸಿಮೆಂಟ್ ಚೀಲದ ಮೇಲೆ ಏನು ಬರೆದಿದೆ ಅಂತ ನೋಡುತ್ತಿರಲಿಲ್ಲ.

ಆದರೆ ಇದರಲ್ಲಿ ಯಾವುದು ಆ ಮೆಸೇಜಿನಲ್ಲಿದೆ? ಸ್ಲ್ಯಾಬ್ ಅಂತಿಲ್ಲ, ಬೀಮ್ ಅಂತಿಲ್ಲ, ಬಾಲ್ಕನಿ ಬಿಡಿ ಅಂತಿಲ್ಲ. ನೀನು ತಲೆ ಕೆಡಿಸಿಕೊಂಡು ತೀರ್ಮಾನಿಸಿದ್ದೆಲ್ಲ ಫೋನಿನಲ್ಲೇ ಉಳಿಯಿತು. ಬರಹಕ್ಕೆ ಇಳಿದದ್ದು 'ಬಿಚ್ಚಿ' ಅನ್ನುವುದೊಂದೇ.

ಆ ಕ್ವಾರ್ಟರ್ಸ್ ಕಟ್ಟಡದ ಸಜ್ಜದ ಕಥೆ ನಿನಗೆ ಗೊತ್ತು, ಸಾಕಷ್ಟು ಸಲ ಹೇಳಿದ್ದೇನೆ. ಸಜ್ಜ ಬಿದ್ದದ್ದು, ಕೆಳಗಿದ್ದವನ ಕಾಲು ಮುರಿದದ್ದು ಅಷ್ಟೇ ಹೇಳಿರುತ್ತೇನೆ. ಅದರ ವಿಚಾರಣೆಯ ಭಾಗ ಹೇಳಿರಲಿಲ್ಲ. ನನಗೆ ನಿದ್ದೆ ಕೆಡಿಸುವುದು ಅದೇ.

ಲಿಂಟಲ್ ಜೊತೆಗೆ ಹಾಕಿದ ಸಜ್ಜ ನಿಲ್ಲುವುದು ಅದರ ಮೇಲೆ ಏಳುವ ಗೋಡೆಯ ಭಾರದಿಂದ. ಹೊರಗೆ ಚಾಚಿದ ಭಾಗ ಕೆಳಗೆ ಎಳೆಯುತ್ತೆ, ಹಿಂದಿನ ಗೋಡೆ ಅದನ್ನು ಒತ್ತಿ ಹಿಡಿಯುತ್ತೆ. ಕಾಂಕ್ರೀಟ್ ಎಷ್ಟೇ ಗಟ್ಟಿಯಾಗಿದ್ದರೂ ಗೋಡೆ ಏಳದೆ ಜಾಕ್ ತೆಗೆದರೆ ಲಿಂಟಲ್ ಸಮೇತ ಮಗುಚಿಕೊಳ್ಳುತ್ತೆ. ಎಂಜಿನಿಯರ್ ಇದನ್ನು ಫೋನಿನಲ್ಲಿ ಮೇಸ್ತ್ರಿಗೆ ಹೇಳಿದ್ದರು. ಎರಡು ದಿನ ಬಿಟ್ಟು ಡ್ರೈವರ್ ಕೈಯಲ್ಲಿ ಚೀಟಿ ಕಳಿಸಿದರು: "ಫೋನಿನಲ್ಲಿ ತಿಳಿಸಿದಂತೆ ಸೆಂಟ್ರಿಂಗ್ ತೆಗೆಯಬಹುದು." ಚೀಟಿ ಬಂದ ದಿನ ಮೇಸ್ತ್ರಿ ತಂಗಿಯ ಮದುವೆಗೆ ಹೋಗಿದ್ದ. ಅವನ ತಮ್ಮ ಓದಿದ. ತೆಗೆಯಬಹುದು ಅಂತ ಇದೆ, ತೆಗೆದ.

ವಿಚಾರಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನದು. ಎಂಜಿನಿಯರ್ ಹೇಳಿದರು, "ಗೋಡೆ ಎದ್ದ ಮೇಲೆ ಅಂತ ಸ್ಪಷ್ಟವಾಗಿ ಹೇಳಿದ್ದೆ." ಮೇಸ್ತ್ರಿ ಹೇಳಿದ, "ಗೋಡೆ ಅಂದರು ಸ್ವಾಮಿ, ನಿಜ. ನಾನು ಒಳಗಿನ ಅಡ್ಡಗೋಡೆ ಅಂದುಕೊಂಡೆ, ಅದು ಎದ್ದಿತ್ತು." ತಮ್ಮ ಹೇಳಿದ, "ನನಗೆ ಗೋಡೆ ವಿಷಯವೇ ಯಾರೂ ಹೇಳಲಿಲ್ಲ." ಮೂರೂ ಹೇಳಿಕೆಯ ಕೆಳಗೆ ಸಹಿ ಮಾಡಿಸಿಕೊಂಡೆ. ಮೂವರ ಮುಖವನ್ನೂ ನೋಡಿದೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ ಪುಟ್ಟಿ. ಒಬ್ಬನಾದರೂ ಸುಳ್ಳು ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಂದೇ ಫೋನಿನಲ್ಲಿ ಒಬ್ಬರು ಒಂದು ಗೋಡೆ ಹೇಳಿದರು, ಇನ್ನೊಬ್ಬ ಇನ್ನೊಂದು ಗೋಡೆ ಕೇಳಿಸಿಕೊಂಡ. ಇಬ್ಬರೂ ಒಪ್ಪಿದೆವು ಅಂದುಕೊಂಡು ಫೋನ್ ಇಟ್ಟರು. ಚೀಟಿಯಲ್ಲಿ 'ಹೊರಗೋಡೆ ಎದ್ದ ಮೇಲೆ' ಅಂತ ಮೂರು ಪದ ಇದ್ದಿದ್ದರೆ ಮೇಸ್ತ್ರಿಗೂ ತಾನು ತಪ್ಪಾಗಿ ಕೇಳಿಸಿಕೊಂಡದ್ದು ಗೊತ್ತಾಗುತ್ತಿತ್ತು. ಆ ಮೂರು ಪದ ಇರಬೇಕಾಗಿದ್ದ ಜಾಗದಲ್ಲಿ 'ಫೋನಿನಲ್ಲಿ ತಿಳಿಸಿದಂತೆ' ಅಂತ ಇತ್ತು.

ನಿನ್ನ ಬಾಲ್ಕನಿ ಆ ಸಜ್ಜ ಅಲ್ಲ, ಒಳಗಿನ ಸ್ಲ್ಯಾಬೇ ಹೊರಗೆ ಬಂದಿರುವುದು. ಗೊತ್ತು. ಆದರೂ ನಿನ್ನ ಮೆಸೇಜ್ ನೋಡಿದ ಕೂಡಲೇ ನನ್ನ ಕಣ್ಣಿಗೆ ಕಂಡದ್ದು ಆ ಚೀಟಿಯೇ. ಅದಕ್ಕೇ ಕೂಗಿದೆ.

ನೀನು ನಿನ್ನೆ ಹೇಳಿದೆ, "ಕಾಲ್ ಲಾಗ್ ಇದೆಯಲ್ಲ ಅಪ್ಪ." ಲಾಗ್‌ನಲ್ಲಿ ಯಾವಾಗ ಮಾತಾಡಿದಿರಿ, ಎಷ್ಟು ಹೊತ್ತು ಅಂತ ಇರುತ್ತೆ. ಏನು ಮಾತಾಡಿದಿರಿ ಅಂತ ಇರಲ್ಲ. ಮೇಸ್ತ್ರಿ ಆ ಮೆಸೇಜಿಗೆ ಹೆಬ್ಬೆಟ್ಟಿನ ಇಮೋಜಿ ಒತ್ತಿದ್ದಾನೆ ಅಂದೆ. ಅವನು ಒಪ್ಪಿದ್ದು ತನ್ನ ನೆನಪಿನಲ್ಲಿರುವ ಮಾತಿಗೆ, ನಿನ್ನ ನೆನಪಿನಲ್ಲಿರುವ ಮಾತಿಗಲ್ಲ. ಅವೆರಡೂ ಒಂದೇನಾ ಅಂತ ನೋಡಬೇಕಾದರೆ ಯಾರಾದರೊಬ್ಬರು ಬರೆಯಲೇಬೇಕು.

ಫೋನ್ ಮಾಡಬೇಡ ಅಂತ ಹೇಳುತ್ತಿಲ್ಲ. ಸೈಟಿನಲ್ಲಿ ಫೋನಿಲ್ಲದೆ ಕೆಲಸ ನಡೆಯಲ್ಲ. ಮಾತಾಡಿ ಮುಗಿದ ಮೇಲೆ, ತಲೆಯಲ್ಲಿ ಹಸಿಯಾಗಿರುವಾಗಲೇ, ಬರಿ. 'ಫೋನಲ್ಲಿ ಮಾತಾಡಿದಂತೆ' ಅಂತ ಶುರು ಮಾಡಿದರೂ ತೊಂದರೆ ಇಲ್ಲ, ಯಾವತ್ತು ಯಾರ ಜೊತೆ ಅಂತ ಸೇರಿಸಿ, ಮಾತಾಡಿದ್ದನ್ನೇ ಅದರ ಮುಂದೆ ಬರಿ. ಬರೆದ ಮೇಲೆ ಆ ಸಾಲನ್ನು ಬೆರಳಿಂದ ಮುಚ್ಚಿ ಓದು. ಉಳಿದದ್ದರಿಂದ ಕೆಲಸ ಮಾಡಲು ಆಗುತ್ತೆ ಅಂದರೆ ಕಳಿಸು. ನಿನ್ನ ಮೆಸೇಜಿಗೆ ಹೀಗೆ ಮಾಡಿದರೆ 'ಶನಿವಾರ ಸೆಂಟ್ರಿಂಗ್ ಬಿಚ್ಚಿ' ಉಳಿಯುತ್ತೆ. ಅದನ್ನು ನಂಬಿ ಬಿಚ್ಚಿದವನು ಬಾಲ್ಕನಿಯ ಜಾಕನ್ನೂ ಬಿಚ್ಚುತ್ತಾನೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ನಿನ್ನ ಮಾತೇ, ನಾನು ಜೋಡಿಸಿದ್ದೇನೆ ಅಷ್ಟೇ:

"9ನೇ ತಾರೀಖು ಬುಧವಾರ ಮೇಸ್ತ್ರಿ ಜೊತೆ ಫೋನಲ್ಲಿ ಮಾತಾಡಿದ್ದು. ಮೊದಲ ಮಹಡಿ ಮೋಲ್ಡ್, ಹಾಕಿದ್ದು 2ನೇ ತಾರೀಖು, ಪಿಪಿಸಿ ಸಿಮೆಂಟ್. ಶನಿವಾರ 12ಕ್ಕೆ ಹಾಲ್ ಮತ್ತು ರೂಮಿನ ಸ್ಲ್ಯಾಬ್ ಜಾಕ್ ಮಾತ್ರ ಬಿಚ್ಚುವುದು, ಮಧ್ಯದಿಂದ ಶುರು ಮಾಡಿ ಬೀಮಿನ ಕಡೆಗೆ. ಬೀಮಿನ ಕೆಳಗಿನ ಜಾಕ್ 23ರವರೆಗೆ ಮುಟ್ಟಬಾರದು. ಬಾಲ್ಕನಿ ಜಾಕ್ 30ರವರೆಗೆ ಮುಟ್ಟಬಾರದು, ಆಮೇಲೂ ಎಂಜಿನಿಯರ್ ಎದುರಿಗಿದ್ದಾಗಲೇ, ಹೊರ ತುದಿಯಿಂದ ಗೋಡೆ ಕಡೆಗೆ. ಮೆಟ್ಟಿಲಿನ ಬಗ್ಗೆ ಮಾತಾಡಿಲ್ಲ, ಡಿಸೈನರ್ ಕೇಳಿ ತಿಳಿಸುತ್ತೇನೆ. ಬೇರೆ ಥರ ಕೇಳಿಸಿಕೊಂಡಿದ್ದರೆ ಇವತ್ತೇ ಹೇಳಿ."

ಇದರಲ್ಲಿ ಎರಡು ಮಾತು ಜನ ಯಾವಾಗಲೂ ಬಿಡುತ್ತಾರೆ. ಒಂದು, ಏನು ಮಾಡಬಾರದು ಅನ್ನುವುದು. ಫೋನಿನಲ್ಲಿ ಅರ್ಧ ಹೊತ್ತು ಅದನ್ನೇ ಹೇಳಿರುತ್ತೇವೆ, ಬರೆಯುವಾಗ ಮಾಡಬೇಕಾದದ್ದು ಮಾತ್ರ ಬರೆಯುತ್ತೇವೆ. ಇನ್ನೊಂದು, ಏನು ತೀರ್ಮಾನ ಆಗಿಲ್ಲ ಅನ್ನುವುದು. ಮೆಟ್ಟಿಲಿನ ಬಗ್ಗೆ ಮಾತೇ ಆಗಿಲ್ಲ ಅಂತ ನಿನಗೆ ಗೊತ್ತು. ಹೊಸ ಹುಡುಗನಿಗೆ? 'ಮಾತಾಡಿದಂತೆ' ಅಂತ ನೋಡಿದವನು ಎಲ್ಲವೂ ಮಾತಾಡಿ ಆಗಿದೆ ಅಂದುಕೊಳ್ಳುತ್ತಾನೆ. ಮತ್ತೆ ಆ ಪಿಪಿಸಿ ವಿಷಯ, ಅದು ಕಾರಣ. ಕಾರಣ ಬರೆದಿದ್ದರೆ ಮುಂದಿನ ಮಹಡಿಗೆ ಯಾರೋ ಬೇರೆ ಸಿಮೆಂಟ್ ತಂದಾಗ ದಿನದ ಲೆಕ್ಕ ಮತ್ತೆ ನೋಡಬೇಕು ಅಂತ ಹೊಳೆಯುತ್ತೆ.

ಪಾಠ ಮಾಡಲ್ಲ ಅಂತ ಕೂತವನು ಪಾಠವೇ ಮಾಡುತ್ತಿದ್ದೇನೆ. ಇನ್ನೊಂದು ಹೇಳಿಬಿಡುತ್ತೇನೆ, ಕಲಬುರಗಿಗೆ ಬೇಕಾಗುತ್ತೆ. ಅಲ್ಲಿ ದೊಡ್ಡವರು ಫೋನಿನಲ್ಲಿ "ಮಾಡಿಬಿಡಮ್ಮ, ನಾನಿದ್ದೀನಿ" ಅನ್ನುತ್ತಾರೆ, ಬರೆದುಕೊಡಿ ಅಂದರೆ ಮುನಿಸಿಕೊಳ್ಳುತ್ತಾರೆ. ಬರೆದುಕೊಡಿ ಅಂತ ಕೇಳಬೇಡ. ನೀನೇ ಬರಿ: "ಸರ್, ಬೆಳಿಗ್ಗೆ ಫೋನಿನಲ್ಲಿ ನೀವು ಹೀಗೆ ಹೇಳಿದಿರಿ, ಅದರಂತೆ ಮಧ್ಯಾಹ್ನ ಶುರು ಮಾಡುತ್ತೇವೆ, ತಪ್ಪಿದ್ದರೆ ತಿಳಿಸಿ." ಸೈಟ್ ಆರ್ಡರ್ ಬುಕ್ಕಿನಲ್ಲೂ ಅದೇ ಮಾತು ತಾರೀಖು ಹಾಕಿ ಬರಿ. ಇದು ಅಗೌರವ ಅಲ್ಲ. 2013ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸರ್ಕಾರಿ ಅಧಿಕಾರಿಗಳಿಗೇ ಹೇಳಿತು, ಬಾಯಿಮಾತಿನ ಆದೇಶದ ಮೇಲೆ ನಡೆಯಬೇಡಿ, ಅಂಥ ಆದೇಶ ಬಂದರೆ ದಾಖಲೆ ಮಾಡಿ ಅಂತ. ನೀನು ಖಾಸಗಿ ಕಂಪನಿಯವಳು, ಆ ತೀರ್ಪು ನಿನಗೆ ನೇರವಾಗಿ ಅನ್ವಯಿಸಲ್ಲ. ಆದರೆ ಏನಾದರೂ ಬಿದ್ದಾಗ ಎಲ್ಲ ಕಡೆಯೂ ಮೊದಲು ಸಿಕ್ಕಿಬೀಳುವುದು ಚಿಕ್ಕವರೇ. ನನಗೆ ಆ ಭಯ ಇದೆ, ಮುಚ್ಚಿಡಲ್ಲ.

ಇವತ್ತು ರಾತ್ರಿ ಮಾಡಬೇಕಾದ್ದು ಇಷ್ಟು. ಸೈಟ್ ಗ್ರೂಪಿನಲ್ಲಿ 'ಮಾತಾಡಿದಂತೆ' ಅಂತ ಹುಡುಕು, 'ಹೇಳಿದಂತೆ' ಅಂತಲೂ ಹುಡುಕು. ಮುಗಿದ ಕೆಲಸದ್ದು ಬಿಡು. ಬಾಕಿ ಇರುವ ಪ್ರತಿಯೊಂದಕ್ಕೂ ಪೂರ್ತಿ ಮಾತು ಬರಿ. ನಿನಗೇ ನೆನಪಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡ. ಆ ಫೋನಿನಲ್ಲಿದ್ದವರಿಗೆ ಮತ್ತೆ ಕರೆ ಮಾಡು. ಇಬ್ಬರಿಗೂ ನೆನಪು ಬೇರೆ ಬೇರೆ ಇದ್ದರೆ "ಇದು ತೀರ್ಮಾನ ಆಗಿಲ್ಲ" ಅಂತಲೇ ಬರಿ.

ಬಾಲ್ಕನಿಯದ್ದು ಎಲ್ಲಕ್ಕಿಂತ ಮೊದಲು. ಮೇಸ್ತ್ರಿಯ ಭಾಮೈದ ಓದುವುದು ಕಡಿಮೆ ಅಂದಿದ್ದೆ, ಹಾಗಾಗಿ ಬಾಲ್ಕನಿ ಜಾಕ್‌ಗಳಿಗೆ ಕೆಂಪು ಬಣ್ಣ ಬಳಿಸಿ, 30 ಅಂತ ದೊಡ್ಡದಾಗಿ ಬರೆಸು. ಹೊಸ ಹುಡುಗನಿಗೆ "ಪೂರ್ತಿ ಅಲ್ಲ, ಕೇಳಿದ್ದು ಒಳ್ಳೇದಾಯ್ತು" ಅಂತ ಗ್ರೂಪಿನಲ್ಲೇ ಹೇಳು. ಅವನು ತನ್ನ ಮಾತಿನಲ್ಲೇ "ಬಾಲ್ಕನಿ 30ಕ್ಕೆ" ಅಂತ ಉತ್ತರ ಬರೆಯುವವರೆಗೂ ಬಿಡಬೇಡ. ಬರೀ ಹೆಬ್ಬೆಟ್ಟು ಒತ್ತಿದರೆ ಫೋನ್ ಮಾಡಿ ಕೇಳು.

ಆಮೇಲೆ ಬಟ್ಟೆ ಜೋಡಿಸಿಕೋ.

ನಿನ್ನ ಅಪ್ಪ