ಟಣ್ ಎನ್ನುವುದು ಬರೀ ರೂಢಿಯೇ?

ಸರಸ್ವತಿಪುರಂ, ಮೈಸೂರು

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಯ ಸಾಲುಗಳು ನನ್ನನ್ನು ಸುಮ್ನೆ ಕೂರಲು ಬಿಡುತ್ತಿಲ್ಲ. "ಟಣ್ ಅಂದರೆ ಸಣ್ಣ ಗಂಟೆ, ಢಣ್ ಅಂದರೆ ದೊಡ್ಡ ಗಂಟೆ ಅಂತ ನನಗೆ ಅನ್ನಿಸುವುದು ಹುಟ್ಟಿದಾಗಿನಿಂದ ಕನ್ನಡ ಕೇಳಿದ್ದಕ್ಕೇ ಇರಬಹುದಲ್ವಾ ದೊಡ್ಡಪ್ಪ? ಹಾಗಿದ್ದರೆ ಅನುಕರಣ ಪದಗಳ ಮೇಲಿನ ನನ್ನ ಪ್ರಬಂಧವೆಲ್ಲ ಬರೀ ನನ್ನ ಕಿವಿಯ ಭ್ರಮೆ" ಅಂತ ಬರೆದಿದ್ದೀಯ.

ಇದು ಸುಳ್ಳು ಭಯ ಅಂತ ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಅದರಲ್ಲಿ ನಿಜ ಇದೆ. ಸ್ವಿಸ್ ಭಾಷಾಶಾಸ್ತ್ರಜ್ಞ ಸೊಸ್ಯೂರ್‌ನ ಪಾಠಗಳು 1916ರಲ್ಲಿ ಪುಸ್ತಕವಾಗಿ ಬಂದಾಗಿನಿಂದ ಭಾಷಾಶಾಸ್ತ್ರ ಓದುವವರೆಲ್ಲ ಮೊದಲು ಕಲಿಯುವುದೇ ಅದು: ಪದದ ಸದ್ದಿಗೂ ಅರ್ಥಕ್ಕೂ ಸಹಜ ನಂಟಿಲ್ಲ, ಇರುವುದು ರೂಢಿ ಮಾತ್ರ. ಮರಕ್ಕೆ ಮರ ಎನ್ನಲು ಬೇರೆ ಕಾರಣವಿಲ್ಲ. ಅನುಕರಣೆಯ ಪದಗಳ ವಿಷಯ ಅವನಿಗೆ ಗೊತ್ತಿತ್ತು. ಅವು ಕೆಲವೇ ಕೆಲವು, ಅವುಗಳಲ್ಲೂ ಅರ್ಧ ರೂಢಿಯೇ ಎಂದ. ಫ್ರೆಂಚರ ನಾಯಿ ಉವಾ ಉವಾ ಎಂದರೆ ಜರ್ಮನರ ನಾಯಿ ವಾವ್ ವಾವ್ ಎನ್ನುತ್ತದೆ. ನಮ್ಮದು ಬೌ ಬೌ.

ಆದರೆ "ಕೆಲವೇ ಕೆಲವು" ಎಂಬ ಮಾತು ಕನ್ನಡಕ್ಕೆ ಒಪ್ಪುವುದಿಲ್ಲ. ನಮ್ಮ ವ್ಯಾಕರಣ ಇವಕ್ಕೆ ಅನುಕರಣಾವ್ಯಯ ಅಂತ ಬೇರೆ ಮನೆಯನ್ನೇ ಕೊಟ್ಟಿದೆ. ಸರಸರ, ದಡದಡ ಹಾಗಿರಲಿ, ಸದ್ದೇ ಇಲ್ಲದ್ದಕ್ಕೂ ನಮ್ಮಲ್ಲಿ ಪದ ಉಂಟು. ಪಾತ್ರೆ ಥಳಥಳ ಎನ್ನುತ್ತದೆ, ಮಲ್ಲಿಗೆ ಗಮಗಮ ಎನ್ನುತ್ತದೆ, ಮೈ ಜುಮ್ ಎನ್ನುತ್ತದೆ. ಒಂದು ಸಲ ಆದರೆ ದಬಕ್ಕನೆ, ಮತ್ತೆ ಮತ್ತೆ ಆದರೆ ದಬದಬ. ಕೆಲಸ ಹೇಗೆ ನಡೆಯುತ್ತದೋ ಪದವೂ ಹಾಗೇ ನಡೆಯುತ್ತದೆ. ಇದನ್ನು ರೂಢಿ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಯಾವತ್ತೂ ಮನಸ್ಸು ಬಂದಿಲ್ಲ.

ಮದ್ದೂರಿನ ಕಡೆ ನನ್ನ ಸೋದರಮಾವ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದರು. ಕೊಪ್ಪರಿಗೆಯಿಂದ ಸ್ವಲ್ಪ ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲೇ ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಎಸೆಯುತ್ತಿದ್ದರು. "ತೊಪ್ ಅಂತು, ಇನ್ನೂ ಬೇಯಲಿ" ಅನ್ನುವರು. ಆಮೇಲೆ "ಟಣ್ ಅಂತು, ಇಳಿಸ್ರಪ್ಪ". ಇಂಥ ಪದಗಳನ್ನು ಕಸುಬಿನವರ ಬಾಯಿಂದಲೇ ಕೇಳಿ ಕೂಡಿಸಬೇಕು ಅಂತ ಎಂ.ಎ. ಓದುವಾಗ ಆಸೆಪಟ್ಟಿದ್ದೆ. ಹಿರಿಯರೊಬ್ಬರು "ಇದು ಮಕ್ಕಳ ಮಾತು, ಶಾಸ್ತ್ರವಲ್ಲ" ಎಂದರು. ಬೇರೆ ವಿಷಯ ಕೈಗೆ ಬಂತು. ಮಾವನೂ ಹೋದರು, ಅವರ ಜೊತೆಯವರೂ ಹೋದರು. ಆ ಕೊರಗು ಈಗಲೂ ಇದೆ. ನೀನು ಪ್ರಬಂಧ ಕೈಬಿಡುತ್ತೀಯೇನೋ ಅನ್ನಿಸಿ ಈ ಕಾಗದ ಇಷ್ಟು ಉದ್ದ ಆಗುತ್ತಿದೆ.

ನಿನ್ನ ಪ್ರಶ್ನೆಗೇ ಬರುತ್ತೇನೆ. ನಮ್ಮ ಕಿವಿ ಪಳಗಿದ ಕಿವಿ, ಅದನ್ನೇ ಸಾಕ್ಷಿಗೆ ಕರೆಯುವಂತಿಲ್ಲ. ಹಾಗಾದರೆ ಪಳಗದ ಕಿವಿ ಬೇಕು. 2016ರಲ್ಲಿ ಲಾಕ್‌ವುಡ್, ಡಿಂಗೆಮಾನ್ಸ ಮತ್ತು ಹಾಗೋರ್ಟ್ ಎಂಬವರು ಮಾಡಿದ್ದು ಅದನ್ನೇ. ಜಪಾನಿ ಗಂಧವೇ ಇಲ್ಲದ ಡಚ್ಚರನ್ನು ಕೂರಿಸಿ ಜಪಾನಿಯ ಅನುಕರಣ ಪದಗಳನ್ನು ಕಲಿಸಿದರು. ಜಪಾನಿಯಲ್ಲಿ ಫುವಾಫುವಾ ಅಂದರೆ ಮೆತ್ತಗೆ, ಹಗುರ. ಇಂಥ ಪದಗಳಲ್ಲಿ ಅರ್ಧಕ್ಕೆ ನಿಜವಾದ ಅರ್ಥ ಹೇಳಿದರು, ಇನ್ನರ್ಧಕ್ಕೆ ಅದರ ವಿರುದ್ಧದ ಅರ್ಥ ಹೇಳಿದರು. ಕಲಿಯುವವರಿಗೆ ಈ ಗುಟ್ಟು ತಿಳಿದಿರಲಿಲ್ಲ. ಆಮೇಲೆ ಪರೀಕ್ಷೆ ಮಾಡಿದಾಗ ನಿಜವಾದ ಅರ್ಥದೊಂದಿಗೆ ಕಲಿತ ಪದಗಳನ್ನು ನೂರಕ್ಕೆ 86ರ ಆಸುಪಾಸು ಸರಿಯಾಗಿ ಗುರುತಿಸಿದರು. ತಿರುಗುಮುರುಗು ಮಾಡಿದವು 71ರ ಆಸುಪಾಸಿಗೆ ನಿಂತವು.

ಅಷ್ಟಕ್ಕೇ ನಿಲ್ಲಿಸಿದ್ದರೆ "ಆ ಅರ್ಥಗಳೇ ನೆನಪಿಡಲು ಸುಲಭ ಇದ್ದವೇನೋ" ಎನ್ನಬಹುದಿತ್ತು. ಅದಕ್ಕೇ ಜಪಾನಿಯ ಸಾಮಾನ್ಯ ಗುಣವಾಚಕಗಳನ್ನೂ ಹೀಗೇ ಕಲಿಸಿ ನೋಡಿದರು. ಅಲ್ಲಿ ನಿಜ ಅರ್ಥಕ್ಕೂ ಉಲ್ಟಾ ಅರ್ಥಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ. ಪುಟ್ಟಿ, ಇದನ್ನು ಎರಡು ಸಲ ಓದು. ಡಚ್ಚರಿಗೆ ಜಪಾನಿ ಕೇಳಿ ರೂಢಿಯಿಲ್ಲ. ಆದರೂ ಅವರ ಕಿವಿಗೆ ಏನೋ ಒಂದು ಸಿಕ್ಕಿದೆ, ಅದೂ ಆ ಜಾತಿಯ ಪದಗಳಲ್ಲಿ ಮಾತ್ರ.

ನಿನ್ನ ಟಣ್, ಢಣ್ ಜೋಡಿಯೂ ಒಂಟಿಯಲ್ಲ. ಜಪಾನಿಯಲ್ಲಿ ಕೊರೊಕೊರೊ ಅಂದರೆ ಸಣ್ಣದು, ಹಗುರವಾದದ್ದು ಉರುಳುವುದು. ಗೊರೊಗೊರೊ ಅಂದರೆ ಭಾರದ್ದು ಉರುಳುವುದು. ನಮ್ಮಲ್ಲೂ ತೊಪ್ ಎಂದು ಬೀಳುವುದು ಬೇರೆ, ದೊಪ್ ಎಂದು ಬೀಳುವುದು ಬೇರೆ ಅಲ್ವಾ?

ಆದರೂ ನಿನ್ನ ಭಯವನ್ನು ಪೂರ್ತಿ ಓಡಿಸಬೇಡ. ಇ ಎಂದರೆ ಸಣ್ಣದು, ಆ ಎಂದರೆ ದೊಡ್ಡದು ಅಂತ ಬಹಳ ಜನ ನಂಬಿದ್ದರು. ವಿಯೆಟ್ನಾಮಿನ ಬಾಹ್ನಾರ್ ಭಾಷೆಯ ಇಂಥ ಪದಗಳಲ್ಲಿ ಅದು ತದ್ವಿರುದ್ಧ ಅಂತ ಡಿಫ್ಲೋತ್ ಎಂಬ ಭಾಷಾಶಾಸ್ತ್ರಜ್ಞರು 1994ರಲ್ಲಿ ತೋರಿಸಿದರು. ಅವರು ಕೊಟ್ಟ ಕಾರಣ ಚೆನ್ನಾಗಿದೆ. ಇ ಅನ್ನುವಾಗ ನಾಲಿಗೆ ಮೇಲೆದ್ದು ಬಾಯೊಳಗೆ ಜಾಸ್ತಿ ಜಾಗ ತುಂಬುತ್ತದೆ. ಬಾಹ್ನಾರರಿಗೆ ಆ ತುಂಬಿದ ನಾಲಿಗೆ ದೊಡ್ಡದನ್ನು ಹೇಳುತ್ತದೆ, ಬೇರೆಯವರಿಗೆ ನಾಲಿಗೆಯ ಮೇಲೆ ಉಳಿಯುವ ಸಣ್ಣ ಸಂದು ಸಣ್ಣದನ್ನು ಹೇಳುತ್ತದೆ. ಬಾಯಿ ಒಂದೇ. ಅದರಲ್ಲಿ ಯಾವ ಹೋಲಿಕೆಯನ್ನು ಹಿಡಿಯಬೇಕು ಅಂತ ಆರಿಸುವುದು ಭಾಷೆ, ಆರಿಸಿದ್ದನ್ನು ಉಳಿಸುವುದು ರೂಢಿ. ನೀನು ಹೆದರಿದ ರೂಢಿ ಕೂರುವ ಜಾಗ ಇಲ್ಲಿ.

ಹೊಸಬರಿಗೆ ಅರ್ಥ ಊಹಿಸಲು ಬಿಟ್ಟರೂ ಗೆಲುವು ದೊಡ್ಡದೇನಲ್ಲ, ಸುಮ್ನೆ ಅಂದಾಜಿಗೆ ಹೇಳುವುದಕ್ಕಿಂತ ಸ್ವಲ್ಪ ಮೇಲು. ಸದ್ದಿನ ಪದಗಳಾದರೆ ಸುಲಭ. ಗಮಗಮ ಅಂದರೆ ಪರಿಮಳ ಅಂತ ಕನ್ನಡ ಬಾರದವರು ಹೇಳುತ್ತಾರೆ ಅಂತ ನನಗೆ ನಂಬಿಕೆಯಿಲ್ಲ. ನಿನ್ನ ಪಟ್ಟಿಯಲ್ಲಿ ಸದ್ದಿನವು, ನೋಟದವು, ಮೈಮನಸ್ಸಿನವು ಅಂತ ಬೇರೆ ಬೇರೆ ಮಾಡಿದ್ದೀಯಾ? ಮಾಡಿಲ್ಲದಿದ್ದರೆ ಮಾಡು.

ಕೇಳದೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಹಾಸ್ಟೆಲಿನ ಹಿಂದಿ, ತಮಿಳು ಹುಡುಗಿಯರನ್ನು ಪರೀಕ್ಷೆಗೆ ಕೂರಿಸಬೇಡ. ಈ ಬಗೆಯ ಪದಗಳು ಭಾರತದ ಭಾಷೆಗಳಲ್ಲಿ ಒಂದರಿಂದೊಂದಕ್ಕೆ ಹರಡಿವೆ ಅಂತ ಭಾಷಾಶಾಸ್ತ್ರಜ್ಞ ಎಮೆನೋ 1969ರಲ್ಲೇ ಬರೆದಿದ್ದಾರೆ. ಆ ಹುಡುಗಿಯರ ಕಿವಿಯೂ ಪಳಗಿದ್ದೇ. ಇಲ್ಲಿ ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಹೊರದೇಶದವರು ಬರುತ್ತಾರಲ್ಲ, ಅವರಲ್ಲಿ ಹೊಸದಾಗಿ ಬಂದವರನ್ನು ಕೇಳಿ ನೋಡಬಹುದೇನೋ.

ಪದಗಳನ್ನು ನೀನೇ ಓದಿ ಕೇಳಿಸಬೇಡ. ಢಣ್ ಅನ್ನುವಾಗ ನಿನಗೇ ಗೊತ್ತಿಲ್ಲದೆ ಗಂಟಲು ದಪ್ಪ ಮಾಡುತ್ತೀಯ, ಉತ್ತರವನ್ನು ಅಲ್ಲೇ ಬಿಟ್ಟುಕೊಟ್ಟಂತಾಗುತ್ತದೆ. ಅರ್ಥ ತಿಳಿಯದವರ ಕೈಲಿ ಒಂದೇ ದನಿಯಲ್ಲಿ ಓದಿಸಿ ರೆಕಾರ್ಡ್ ಮಾಡು. ಬರೆದು ತೋರಿಸಲೂ ಬೇಡ. ಬೂಬಾ, ಕಿಕಿ ಎಂದು ಕೇಳಿಸಿ ದುಂಡು ಚಿತ್ರ ಯಾವುದು, ಮೊನಚು ಚಿತ್ರ ಯಾವುದು ಅಂತ ಕೇಳುವ ಪ್ರಯೋಗಕ್ಕೂ ಇದೇ ಆಕ್ಷೇಪ ಬಂದಿತ್ತು: ಇಂಗ್ಲಿಷಿನ ಅಕ್ಷರವೇ ದುಂಡಗೆ, ಚೂಪಗೆ ಇದೆಯಲ್ಲ ಅಂತ. ಬರವಣಿಗೆಯಿಲ್ಲದ ನಮೀಬಿಯಾದ ಹಿಂಬಾ ಜನರೂ ಬಹುಪಾಲು ಹಾಗೇ ಜೋಡಿಸಿದರು ಅಂತ 2013ರಲ್ಲಿ ತಿಳಿದ ಮೇಲೆ ಆ ವಾದ ಸಡಿಲವಾಯಿತು. ನಮ್ಮ ಕನ್ನಡದಲ್ಲಂತೂ ಕಿ ಕೂಡ ದುಂಡಗೇ ಇದೆ.

ಕಿವಿಯ ಭ್ರಮೆ ಅಂತ ಬರೆದ ಸಾಲನ್ನು ಪ್ರಬಂಧದಿಂದ ತೆಗೆಯಬೇಡ. ಅದನ್ನು ಮೊದಲ ಅಧ್ಯಾಯದಲ್ಲೇ ಪ್ರಶ್ನೆಯಾಗಿ ಇಡು, ಅರ್ಧ ಪದಗಳಿಗೆ ಉಲ್ಟಾ ಅರ್ಥ ಕೊಟ್ಟು ಕಲಿಸಿ ನೋಡು. ಎರಡೂ ಒಂದೇ ಸಮ ಬಂದರೆ ಹಾಗೇ ಬರೆ. ಆಲೆಮನೆಗೆ ಹೋಗುವ ಮನಸ್ಸಿದ್ದರೆ ಮೊದಲೇ ತಿಳಿಸು, ಮದ್ದೂರಿನ ಕಡೆ ಪರಿಚಯದವರಿಗೆ ಹೇಳಿಡುತ್ತೇನೆ. ಪಟ್ಟಿಯ ಒಂದು ಪ್ರತಿ ನನಗೂ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ